ಉಪ್ಪಿನಕಾಯಿ ಬಾಟಲಿಯ ಮೇಲೆ ಮಾಸಿಹೋದ ಬಾರ್‌ಕೋಡ್: ಸಾಗರದ ಒಂದು ಪ್ರಕರಣ

ಶಿವಮೊಗ್ಗದಲ್ಲಿ ಬಿಲ್ಲಿಂಗ್ ಮಷಿನ್, ಲೇಬಲ್ ಪ್ರಿಂಟರ್ ರಿಪೇರಿ ನನ್ನ ಕೆಲಸ. ಏಪ್ರಿಲ್ ಮೊದಲ ವಾರ ಸಾಗರದ ಹತ್ತಿರದ ಒಂದು ಹಳ್ಳಿಯಿಂದ ಫೋನ್ ಬಂತು. ಅಲ್ಲಿ ಒಬ್ಬರು ಅಕ್ಕ ಮನೆಯ ಹಿಂದಿನ ಕೊಟ್ಟಿಗೆಯನ್ನೇ ಸರಿಮಾಡಿಕೊಂಡು ಅಪ್ಪೆಮಿಡಿ ಉಪ್ಪಿನಕಾಯಿ, ಕೋಕಂ ಸಿರಪ್ ಮತ್ತು ಜೇನುತುಪ್ಪ ಬಾಟಲಿಗೆ ತುಂಬಿ ಮಾರುತ್ತಾರೆ. ಬಾಟಲಿಯ ಮುಂದೆ ಪ್ರೆಸ್‌ನಲ್ಲಿ ಅಚ್ಚಾದ ಬಣ್ಣದ ಲೇಬಲ್. ಹಿಂದೆ 50 ಮಿ.ಮೀ. ಅಗಲ, 25 ಮಿ.ಮೀ. ಎತ್ತರದ ಬಿಳಿ ಲೇಬಲ್. ಬ್ಯಾಚ್ ನಂಬರ್, ತಯಾರಾದ ತಿಂಗಳು, ಎಂಆರ್‌ಪಿ, ಬಾರ್‌ಕೋಡ್ ಇರುವುದು ಈ ಚಿಕ್ಕ ಲೇಬಲ್ ಮೇಲೆ.

ಶಿವಮೊಗ್ಗದ ಒಂದು ಅಂಗಡಿ ಎರಡು ರಟ್ಟಿನ ಪೆಟ್ಟಿಗೆ ಉಪ್ಪಿನಕಾಯಿ ವಾಪಸ್ ಕಳಿಸಿತ್ತು. ಒಟ್ಟು 48 ಬಾಟಲಿ. ಮಾಲು ಕೆಟ್ಟಿರಲಿಲ್ಲ. ಸ್ಕ್ಯಾನರ್ ಬೀಪ್ ಅನ್ನುತ್ತಿರಲಿಲ್ಲ, ದಿನಾಂಕ ಓದಲು ಆಗುತ್ತಿರಲಿಲ್ಲ, ಅಷ್ಟೇ. ಆದರೆ ಅಂಗಡಿಯವರದ್ದು ತಪ್ಪಲ್ಲ. ಆಹಾರದ ಪೊಟ್ಟಣದ ಮೇಲಿನ ವಿವರ ಸ್ಪಷ್ಟವಾಗಿ ಓದಲು ಬರಬೇಕು, ಅಳಿಸಿ ಹೋಗಬಾರದು ಎಂದು ಎಫ್‌ಎಸ್‌ಎಸ್‌ಎಐನ 2020ರ ಲೇಬಲಿಂಗ್ ನಿಯಮವೇ ಹೇಳುತ್ತದೆ. ದಿನಾಂಕ ಕಾಣದ ಬಾಟಲಿಯನ್ನು ಯಾವ ಅಂಗಡಿಯವರೂ ಕಪಾಟಿನಲ್ಲಿ ಇಟ್ಟುಕೊಳ್ಳಲು ಒಪ್ಪುವುದಿಲ್ಲ.

"ಪ್ರಿಂಟರ್ ಹೆಡ್ ಹೋಗಿದೆ ಅಂತ ಕಾಣುತ್ತೆ, ಹೊಸದು ಹಾಕಿಕೊಡಿ" ಎಂದು ಅಕ್ಕ ಫೋನಿನಲ್ಲಿ ಹೇಳಿದರು. ಹೆಡ್ ಎಂದರೆ ಅಕ್ಷರ ಮೂಡಿಸುವ ಭಾಗ, ಆ ಪ್ರಿಂಟರಿನ ಬೆಲೆಯಲ್ಲಿ ದೊಡ್ಡ ಪಾಲು ಅದರದ್ದೇ. ನೋಡದೆ ತರುವುದು ಬೇಡ ಎಂದು ಬರಿಗೈಯಲ್ಲೇ ಹೋದೆ. ಅದು ಒಳ್ಳೆಯದೇ ಆಯಿತು.

ಅವರು ಆಗಲೇ ಮಾಡಿದ್ದ ಪ್ರಯತ್ನ

ಅಕ್ಕನ ಮಗ ಕಂಪ್ಯೂಟರ್ ಬಲ್ಲ ಹುಡುಗ. ಮೊದಲ ದೂರು ಬಂದಾಗ ಅವನು ಸೆಟ್ಟಿಂಗ್ ತೆರೆದು ಡಾರ್ಕ್‌ನೆಸ್ ಅನ್ನು 8ರಿಂದ 15ಕ್ಕೆ ಏರಿಸಿದ್ದ. ಆ ಪ್ರಿಂಟರ್‌ನಲ್ಲಿ 15 ಎಂದರೆ ಕೊನೆಯ ಮೆಟ್ಟಿಲು. ಸ್ಪೀಡ್ ಅನ್ನು ಸೆಕೆಂಡಿಗೆ 4 ಇಂಚಿನಿಂದ 2 ಇಂಚಿಗೆ ಇಳಿಸಿದ್ದ. ಲೇಬಲ್ ಕಪ್ಪಗೆ ಮಿರಿಮಿರಿ ಬಂತು. ಎಲ್ಲರಿಗೂ ಸಮಾಧಾನವಾಯಿತು. ಮೂರು ವಾರದ ನಂತರ ಆ ಬಾಟಲಿಗಳೂ ಮಾಸಿದವು. ಅದಕ್ಕಿಂತ ಬೇಸರದ ಸಂಗತಿ ಎಂದರೆ, ಹೊಸದಾಗಿ ಕಪ್ಪಗೆ ಬಂದ ಲೇಬಲ್‌ಗಳಲ್ಲೂ ಕೆಲವು ಸ್ಕ್ಯಾನ್ ಆಗುತ್ತಿರಲಿಲ್ಲ.

ಡಾರ್ಕ್‌ನೆಸ್ ಮತ್ತು ಸ್ಪೀಡ್ ಎರಡೂ ಮಾಡುವುದು ಒಂದೇ ಕೆಲಸ, ಶಾಖ ಕೊಡುವುದು. ಹೆಡ್ ಅಂಚಿನಲ್ಲಿ ಸಾಲಾಗಿ ಪುಟ್ಟಪುಟ್ಟ ಬಿಸಿ ಚುಕ್ಕಿಗಳಿರುತ್ತವೆ. 203 ಡಿಪಿಐ ಪ್ರಿಂಟರ್ ಆದರೆ ಒಂದು ಮಿಲಿಮೀಟರಿಗೆ 8 ಚುಕ್ಕಿ. ಡಾರ್ಕ್‌ನೆಸ್ ಏರಿಸಿದರೆ ಪ್ರತಿ ಚುಕ್ಕಿಗೆ ಜಾಸ್ತಿ ಶಾಖ ಸಿಗುತ್ತದೆ. ಸ್ಪೀಡ್ ಇಳಿಸಿದರೆ ಕಾಗದ ಚುಕ್ಕಿಯ ಕೆಳಗೆ ಹೆಚ್ಚು ಹೊತ್ತು ಇರುತ್ತದೆ, ಹಾಗಾಗಿ ಶಾಖ ಚೆನ್ನಾಗಿ ತಗಲುತ್ತದೆ. ಎರಡನ್ನೂ ಒಟ್ಟಿಗೆ ತುದಿಗೆ ತಂದರೆ ಶಾಖ ಪಕ್ಕದ ಬಿಳಿ ಜಾಗಕ್ಕೂ ಹರಡುತ್ತದೆ. ಗೆರೆ ದಪ್ಪವಾಗುತ್ತದೆ, ಎರಡು ಗೆರೆಗಳ ನಡುವಿನ ಸಂದು ಮುಚ್ಚುತ್ತದೆ. ಸ್ಕ್ಯಾನರ್ ಓದುವುದು ಗೆರೆ ಎಷ್ಟು ಕಪ್ಪು ಎಂದಲ್ಲ, ಗೆರೆ ಮತ್ತು ಸಂದಿನ ಅಗಲ. ಹಾಗಾಗಿ ಕಣ್ಣಿಗೆ ಚಂದ ಕಂಡ ಲೇಬಲ್ ಅದಕ್ಕೆ ಅರ್ಥವಾಗುತ್ತಿರಲಿಲ್ಲ.

ಅಕ್ಕ ಇನ್ನೊಂದು ಕೆಲಸ ಮಾಡಿದ್ದರು. ಲೇಬಲ್ ಮೇಲೆ ಪಾರದರ್ಶಕ ಟೇಪ್ ಅಂಟಿಸಿದ್ದರು. ಎಣ್ಣೆ ಕೈ ತಾಗದಿರಲಿ ಎಂಬ ಆಲೋಚನೆ. ಆದರೆ ಟೇಪ್ ಇದ್ದ ಬಾಟಲಿಗಳೇ ಬೇಗ ಮಾಸಿದ್ದವು. ಒಂದರಲ್ಲಿ ಟೇಪ್ ಸ್ವಲ್ಪ ಓರೆಯಾಗಿ ಬಿದ್ದಿತ್ತು. ಟೇಪಿನ ಕೆಳಗೆ ಅಕ್ಷರ ತೆಳು ಬೂದು ಬಣ್ಣ, ಟೇಪ್ ತಲುಪದ ಮೂಲೆಯಲ್ಲಿ ಮಾತ್ರ "MRP" ಕಪ್ಪಗೆ ಉಳಿದಿತ್ತು. ಇಡೀ ಪ್ರಕರಣದಲ್ಲಿ ನನಗೆ ದಾರಿ ತೋರಿಸಿದ್ದು ಆ ಬಾಟಲಿ.

ಯಾವಾಗ ಮಾಸಿತು?

ಲೇಬಲ್ ಮಾಸಿದೆ ಎಂದು ಯಾರು ಹೇಳಿದರೂ ನಾನು ಕೇಳುವ ಮೊದಲ ಪ್ರಶ್ನೆ: ಪ್ರಿಂಟರಿನಿಂದ ಹೊರಬರುವಾಗಲೇ ಮಸುಕಾಗಿತ್ತಾ, ಇಲ್ಲ ಆಮೇಲೆ ಮಸುಕಾಯಿತಾ? ಎರಡೂ ನೋಡಲು ಒಂದೇ ಥರ ಇರುತ್ತವೆ. ಕಾರಣ ಮಾತ್ರ ಪೂರ್ತಿ ಬೇರೆ. ಬರುವಾಗಲೇ ಮಸುಕಾಗಿದ್ದರೆ ಶಾಖ ಸಾಲದು, ಹೆಡ್ ಕೊಳೆಯಾಗಿದೆ, ಅಥವಾ ಹೆಡ್ ಒತ್ತುವ ಬಲ ಒಂದು ಪಕ್ಕಕ್ಕೆ ಕಡಿಮೆ ಇದೆ. ಆಮೇಲೆ ಮಾಸಿದ್ದರೆ ಸೆಟ್ಟಿಂಗ್ ಎಷ್ಟು ತಿರುಗಿಸಿದರೂ ಪ್ರಯೋಜನ ಇಲ್ಲ.

ಅದೃಷ್ಟಕ್ಕೆ ಮೇಜಿನ ಡ್ರಾಯರ್‌ನಲ್ಲಿ ವಾಪಸ್ ಬಂದ ಅದೇ ಬ್ಯಾಚಿನ ನಾಲ್ಕು ಲೇಬಲ್ ಉಳಿದಿದ್ದವು. ಅದೇ ರೋಲ್, ಅದೇ ದಿನ, ಡಾರ್ಕ್‌ನೆಸ್ 8. ತೆಗೆದು ನೋಡಿದರೆ ಕಪ್ಪಗೆ ಚೊಕ್ಕವಾಗಿದ್ದವು. ಹುಡುಗ ಅದನ್ನೂ ಬಾಟಲಿಯನ್ನೂ ಪಕ್ಕದಲ್ಲಿ ಹಿಡಿದು ಸುಮ್ನೆ ನಿಂತುಬಿಟ್ಟ. ಹೆಡ್ ಚೆನ್ನಾಗಿದೆ, ಮೊದಲಿನ ಸೆಟ್ಟಿಂಗೂ ಸರಿಯಾಗಿಯೇ ಇತ್ತು ಎಂದು ಅಲ್ಲಿಗೆ ಗೊತ್ತಾಯಿತು.

ಆಮೇಲೆ ಖಾಲಿ ಲೇಬಲ್ ಒಂದನ್ನು ತೆಗೆದು ಉಗುರಿನಿಂದ ಜೋರಾಗಿ ಗೀರಿದೆ. ಬೂದು ಗೆರೆ ಮೂಡಿತು. ಉಗುರು ಉಜ್ಜಿದ ಬಿಸಿಗೇ ಕಪ್ಪಾಗುವ ಕಾಗದ ಅದು, ಅಂದರೆ ಡೈರೆಕ್ಟ್ ಥರ್ಮಲ್. ಇದರಲ್ಲಿ ಶಾಯಿ ಇಲ್ಲ, ಶಾಯಿ ಬಳಿದ ರಿಬ್ಬನ್ ಪಟ್ಟಿಯೂ ಇಲ್ಲ. ಕಾಗದದ ಮೇಲಿನ ತೆಳು ಲೇಪದಲ್ಲಿ ಬಣ್ಣವಿಲ್ಲದ ಒಂದು ಡೈ ಇರುತ್ತದೆ, ಪಕ್ಕದಲ್ಲೇ ಹುಳಿ ಗುಣದ ಇನ್ನೊಂದು ಪದಾರ್ಥ ಇರುತ್ತದೆ. ಬಿಸಿ ತಗಲಿದಾಗ ಎರಡೂ ಕರಗಿ ಕೂಡುತ್ತವೆ, ಆಗ ಕಪ್ಪು ಬಣ್ಣ ಬರುತ್ತದೆ. ಕೂಡಿಕೊಂಡಿರುವವರೆಗೆ ಮಾತ್ರ ಆ ಕಪ್ಪು. ಎಣ್ಣೆ, ಸ್ಯಾನಿಟೈಸರ್, ಮೆತ್ತನೆಯ ಪ್ಲಾಸ್ಟಿಕ್‌ನಿಂದ ಒಸರುವ ಪದಾರ್ಥ, ಕೆಲವು ಟೇಪಿನ ಅಂಟು, ಇವೆಲ್ಲ ಆ ಜೋಡಿಯನ್ನು ಬಿಡಿಸುತ್ತವೆ. ಡೈ ಮತ್ತೆ ಬಣ್ಣ ಕಳೆದುಕೊಳ್ಳುತ್ತದೆ. ಅಕ್ಷರ ಅಳಿಸಿದ್ದಲ್ಲ, ಹುಟ್ಟಿದ ಬಣ್ಣ ಹಿಂದಕ್ಕೆ ಹೋಗಿದ್ದು. ಹೆಚ್ಚು ಶಾಖ ಕೊಟ್ಟು ಮುದ್ರಿಸಿದರೂ ಅದು ಹಿಂದಕ್ಕೆ ಹೋಗುವುದು ನಿಲ್ಲುವುದಿಲ್ಲ.

ಬಾಟಲಿಗಳನ್ನು ಸಾಲಾಗಿಟ್ಟು ನೋಡಿದೆವು. ಉಪ್ಪಿನಕಾಯಿ ಬಾಟಲಿಗಳಲ್ಲಿ ಮಸುಕು ಲೇಬಲಿನ ಮೇಲಂಚಿನಿಂದ ಶುರುವಾಗಿತ್ತು. ಮುಚ್ಚಳದ ಸಂದಿಯಿಂದ ಇಳಿದ ಎಣ್ಣೆಯ ದಾರಿ ಅದು. ಕೆಲವು ಬಾಟಲಿಗಳಲ್ಲಿ ಹೆಬ್ಬೆರಳಿನ ಆಕಾರದ ಮಸುಕು. ಜೇನಿನ ಬಾಟಲಿಗಳಿಗೆ ಹೆಚ್ಚು ತೊಂದರೆ ಇರಲಿಲ್ಲ. ಅಂಗಡಿಯ ಕಿಟಕಿಯಲ್ಲಿ ಬಿಸಿಲಿಗೆ ಇಟ್ಟಿದ್ದ ಎರಡು ಮಾತ್ರ ತೆಳುವಾಗಿದ್ದವು. ಕೋಕಂ ಸಿರಪ್ಪಿನದ್ದು ಇನ್ನೊಂದೇ ಕಥೆ. ಅಲ್ಲಿ ಅಕ್ಷರ ಮಾಸಿರಲಿಲ್ಲ, ಹಿಂದಿನ ಬಿಳಿಯೇ ಬೂದಾಗಿ ಅಕ್ಷರ ಅದರಲ್ಲಿ ಮುಳುಗಿತ್ತು.

"ಸಿರಪ್ ತುಂಬೋದು ಬಿಸಿಬಿಸಿ ಇದ್ದಾಗಲೇನಾ ಅಕ್ಕಾ?"

"ಹೌದು, ಒಲೆಯಿಂದ ಇಳಿಸಿದ ಕೂಡಲೇ. ಲೇಬಲ್ ಮೊದಲೇ ಹಚ್ಚಿಟ್ಟಿರ್ತೇವೆ, ಕೆಲಸ ಬೇಗ ಮುಗೀಲಿ ಅಂತ."

ಈ ಕಾಗದ ಸುಮಾರು 70 ಡಿಗ್ರಿ ಆಸುಪಾಸಿನಲ್ಲಿ ತಾನಾಗಿಯೇ ಕಪ್ಪಾಗಲು ಶುರುವಾಗುತ್ತದೆ. ಸಿರಪ್ ಬಾಟಲಿಗೆ ಇಳಿಯುವಾಗ ಅದಕ್ಕಿಂತ ಬಿಸಿ ಇರುತ್ತದೆ. ಒಂದೇ ರೋಲಿನ ಲೇಬಲ್ ಒಂದು ಕಡೆ ಎಣ್ಣೆಗೆ ಬಿಳಚಿಕೊಂಡಿತ್ತು, ಇನ್ನೊಂದು ಕಡೆ ಬಿಸಿಗೆ ಕಪ್ಪಾಗಿತ್ತು.

ನನ್ನ ಮಾತನ್ನಷ್ಟೇ ನಂಬಿ ಖರ್ಚು ಮಾಡುವುದು ಬೇಡ ಎಂದು ಒಂದು ಪರೀಕ್ಷೆ ಇಟ್ಟೆವು. ಡಾರ್ಕ್‌ನೆಸ್ ಮತ್ತೆ 8ಕ್ಕೆ ತಂದು ಐದು ಲೇಬಲ್ ತೆಗೆದೆವು. ಒಂದಕ್ಕೆ ಉಪ್ಪಿನಕಾಯಿ ಎಣ್ಣೆ ಒಂದು ಹನಿ, ಒಂದಕ್ಕೆ ಟೇಪ್, ಒಂದು ಅಡಿಕೆ ಅಂಗಳದ ಬಿಸಿಲಿಗೆ, ಒಂದು ಬಿಸಿ ಸಿರಪ್ ಬಾಟಲಿಗೆ, ಒಂದು ಡ್ರಾಯರ್‌ಗೆ. ಬಾಟಲಿಯದ್ದು ಕಣ್ಣೆದುರೇ ಬೂದಾಯಿತು. ಎಣ್ಣೆಯದ್ದು ಮರುದಿನ ಬೆಳಗ್ಗೆ ಹನಿ ಬಿದ್ದಷ್ಟು ಜಾಗದಲ್ಲಿ ಬಿಳಿ ಎಂದು ಹುಡುಗ ಫೋಟೋ ಕಳಿಸಿದ. ಟೇಪ್ ಮತ್ತು ಬಿಸಿಲಿನವು ನಿಧಾನವಾಗಿ ಅದೇ ದಾರಿ ಹಿಡಿದವು. ಡ್ರಾಯರಿನದ್ದು ಇಂದಿಗೂ ಕಪ್ಪಗಿದೆ.

ರಿಬ್ಬನ್ನಿಗೆ ಬದಲಾಯಿಸಿದ್ದು

ಡೈರೆಕ್ಟ್ ಥರ್ಮಲ್‌ನಲ್ಲೇ ಮೇಲೊಂದು ರಕ್ಷಣಾ ಲೇಪ ಇರುವ ಬಗೆಯೂ ಸಿಗುತ್ತದೆ. ನೀರು, ಸ್ವಲ್ಪ ಎಣ್ಣೆಗೆ ಅದು ಕೆಲಕಾಲ ತಡೆಯುತ್ತದೆ. ಆದರೆ ಬಿಸಿ ಬಾಟಲಿಗೆ ಅದೂ ನಿಲ್ಲುವುದಿಲ್ಲ. ಉಪ್ಪಿನಕಾಯಿ ವರ್ಷಗಟ್ಟಲೆ ಕಪಾಟಿನಲ್ಲಿ ಇರುವ ವಸ್ತು. ಹಾಗಾಗಿ ಆ ದಾರಿ ಬಿಟ್ಟೆ.

ಪ್ರಿಂಟರಿನ ಮುಚ್ಚಳ ತೆಗೆದು ನೋಡಿದರೆ ರಿಬ್ಬನ್ ಸಿಕ್ಕಿಸುವ ಜಾಗ ಅದರಲ್ಲೇ ಇತ್ತು! ಬಳಸಿದ ರಿಬ್ಬನ್ ಸುತ್ತಿಕೊಳ್ಳುವ ಖಾಲಿ ಕೊಳವೆ ಕೂಡ ಪೆಟ್ಟಿಗೆಯ ತಳದಲ್ಲಿ ಬಿದ್ದಿತ್ತು. ಮಾರಿದವರು ಡೈರೆಕ್ಟ್ ಥರ್ಮಲ್ ರೋಲ್ ಹಾಕಿ ಕೊಟ್ಟು ಹೋಗಿದ್ದರು, ಇವರಿಗೆ ಬೇರೆ ದಾರಿ ಇದೆ ಎಂದೇ ಗೊತ್ತಿರಲಿಲ್ಲ. ಹೊಸ ಮಷಿನ್ ಕೊಳ್ಳುವ ಖರ್ಚು ಉಳಿಯಿತು. ಎಲ್ಲ ಪ್ರಿಂಟರಿಗೂ ಈ ಸೌಲಭ್ಯ ಇರುವುದಿಲ್ಲ. ರಿಬ್ಬನ್ ಹಾಕುವ ಎರಡು ಕಡ್ಡಿ ಕಾಣದಿದ್ದರೆ ಅದು ಡೈರೆಕ್ಟ್ ಥರ್ಮಲ್ ಮಾತ್ರ ಎಂದರ್ಥ.

ಥರ್ಮಲ್ ಟ್ರಾನ್ಸ್‌ಫರ್‌ನಲ್ಲಿ ಅಂದರೆ ರಿಬ್ಬನ್ ಬಳಸುವ ಬಗೆಯಲ್ಲಿ, ಹೆಡ್ ಕಾಗದವನ್ನು ಬಿಸಿ ಮಾಡುವುದಿಲ್ಲ, ರಿಬ್ಬನ್ನನ್ನು ಬಿಸಿ ಮಾಡುತ್ತದೆ. ರಿಬ್ಬನ್ನಿನ ಕಪ್ಪು ಕರಗಿ ಲೇಬಲಿಗೆ ಅಂಟುತ್ತದೆ. ಅಲ್ಲಿ ನಿಜವಾದ ಕಪ್ಪು ಪುಡಿ ಇರುತ್ತದೆ, ಹಿಂದಕ್ಕೆ ಹೋಗುವ ಬಣ್ಣವಲ್ಲ. ರಿಬ್ಬನ್ ಮೂರು ಬಗೆ: ಮೇಣದ್ದು ಅಂದರೆ ವ್ಯಾಕ್ಸ್, ಮೇಣ ಮತ್ತು ರಾಳ ಸೇರಿದ ವ್ಯಾಕ್ಸ್-ರೆಸಿನ್, ಬರೀ ರಾಳದ ರೆಸಿನ್. ವ್ಯಾಕ್ಸ್ ಅಗ್ಗ, ಕಡಿಮೆ ಶಾಖಕ್ಕೇ ಅಂಟುತ್ತದೆ, ಹಾಗೆಯೇ ಉಜ್ಜಿದರೆ ಬೇಗ ಬಿಡುತ್ತದೆ. ರೆಸಿನ್ ಗಟ್ಟಿ, ಆದರೆ ಜಾಸ್ತಿ ಶಾಖ ಮತ್ತು ನಿಧಾನದ ಓಟ ಬೇಕು, ಬೆಲೆಯೂ ಹೆಚ್ಚು.

ಮೊದಲು ನಾನು ಕೊಟ್ಟಿದ್ದು ಎಲ್ಲರೂ ಬಳಸುವ ಜೋಡಿ, ನುಣುಪು ಲೇಪದ ಕ್ರೋಮೊ ಪೇಪರ್ ಲೇಬಲ್ ಮತ್ತು ವ್ಯಾಕ್ಸ್ ರಿಬ್ಬನ್. ಜೇನಿನ ಬಾಟಲಿಗೆ ಅದು ಸಾಕಾಯಿತು. ಉಪ್ಪಿನಕಾಯಿಗೆ ಸಾಲಲಿಲ್ಲ. ಎಣ್ಣೆ ಕೈಯಲ್ಲಿ ಹತ್ತು ಸಲ ಉಜ್ಜಿದರೆ ಗೆರೆಗಳು ಪಕ್ಕಕ್ಕೆ ಬಳಿದುಕೊಂಡವು. ಅದಕ್ಕಿಂತ ಮುಖ್ಯವಾಗಿ ಕಾಗದವೇ ಎಣ್ಣೆ ಹೀರಿ, ಹಪ್ಪಳ ಇಟ್ಟ ಪೇಪರಿನ ಹಾಗೆ ಪಾರದರ್ಶಕವಾಯಿತು. ಬಾಟಲಿಯೊಳಗಿನ ಕೆಂಪು ಆಚೆ ಕಂಡು ಬಿಳಿ ಸಂದುಗಳ ಬಿಳುಪೇ ಹೋಯಿತು. ಶಾಯಿ ಸರಿಮಾಡಿದರೆ ಮಾತ್ರ ಸಾಲದು, ಅದು ಕೂರುವ ನೆಲವೂ ಎಣ್ಣೆ ಹೀರದ್ದು ಇರಬೇಕು ಎಂದು ಆಗ ಸ್ಪಷ್ಟವಾಯಿತು.

ಎರಡನೇ ಸಲ ಬಿಳಿ ಪಿಪಿ ಲೇಬಲ್, ಅಂದರೆ ಕಾಗದದ ಬದಲು ಪ್ಲಾಸ್ಟಿಕ್ ಹಾಳೆಯದ್ದು, ಮತ್ತು ವ್ಯಾಕ್ಸ್-ರೆಸಿನ್ ರಿಬ್ಬನ್ ತೆಗೆದುಕೊಂಡು ಹೋದೆ. ಎಣ್ಣೆ ಹನಿಸಿ ಒರೆಸಿದರೆ ಎಣ್ಣೆ ಹೋಯಿತು, ಅಕ್ಷರ ಉಳಿಯಿತು. ಬಿಸಿ ಸಿರಪ್ ಬಾಟಲಿಗೂ ಏನೂ ಆಗಲಿಲ್ಲ. ಬರೀ ರೆಸಿನ್ ಹಾಕಿದ್ದರೆ ಇನ್ನೂ ಗಟ್ಟಿಯಾಗುತ್ತಿತ್ತು ನಿಜ. ಬಾಟಲಿಯನ್ನು ಸ್ಪಿರಿಟ್ಟಿನಲ್ಲಿ ಒರೆಸುವ ಕಡೆ, ಕೆಮಿಕಲ್ ಡಬ್ಬಿಗಳಿಗೆ ಅದು ಬೇಕು. ಉಪ್ಪಿನಕಾಯಿಗೆ ಆ ಖರ್ಚು ಬೇಡ.

ರಿಬ್ಬನ್ ಹಾಕುವಾಗ ಹುಡುಗನಿಗೆ ಎರಡು ವಿಷಯ ಕೈಯಲ್ಲೇ ತೋರಿಸಿದೆ. ಒಂದು, ಶಾಯಿ ಯಾವ ಮುಖಕ್ಕಿದೆ ಎಂಬುದು. ಕೆಲವು ರಿಬ್ಬನ್ನಿನಲ್ಲಿ ಶಾಯಿ ಸುರುಳಿಯ ಹೊರಗಡೆ, ಕೆಲವದರಲ್ಲಿ ಒಳಗಡೆ. ಕಣ್ಣಿಗೆ ಎರಡೂ ಕಪ್ಪೇ. ಒಂದು ಲೇಬಲ್ ಬಿಡಿಸಿ ಅದರ ಅಂಟಿನ ಮುಖವನ್ನು ರಿಬ್ಬನ್ನಿಗೆ ಒತ್ತಿ ಎಳೆಯಿರಿ. ಕಪ್ಪು ಕಿತ್ತು ಬಂದರೆ ಅದು ಶಾಯಿ ಮುಖ, ಅದು ಲೇಬಲ್ ಕಡೆ ನೋಡಬೇಕು. ತಿರುಗಿ ಹಾಕಿದರೆ ಲೇಬಲ್ ಖಾಲಿ ಬರುತ್ತದೆ, ಶಾಯಿ ಹೆಡ್ಡಿಗೆ ಮೆತ್ತುತ್ತದೆ. ಎರಡನೆಯದು, ರಿಬ್ಬನ್ ಲೇಬಲಿಗಿಂತ ಸ್ವಲ್ಪ ಅಗಲ ಇರಬೇಕು. 50 ಮಿ.ಮೀ. ಲೇಬಲಿಗೆ ನಾವು 60 ಮಿ.ಮೀ. ರಿಬ್ಬನ್ ಹಾಕಿದೆವು. ಹೆಡ್ ಮತ್ತು ಲೇಬಲ್ ನಡುವೆ ರಿಬ್ಬನ್ನೇ ಮೆತ್ತೆಯಂತೆ ಇರುವುದರಿಂದ ಹೆಡ್ಡಿನ ಸವೆತವೂ ಕಡಿಮೆ.

ರಿಬ್ಬನ್ ಎಷ್ಟು ಬರುತ್ತದೆ ಎಂದು ಅಕ್ಕ ಕೇಳಿದರು. ಲೇಬಲ್ ಎಷ್ಟು ಉದ್ದ ಓಡುತ್ತದೋ ರಿಬ್ಬನ್ನೂ ಅಷ್ಟೇ ಓಡುತ್ತದೆ. 25 ಮಿ.ಮೀ. ಲೇಬಲ್, ಎರಡು ಲೇಬಲ್ ನಡುವೆ 2 ಮಿ.ಮೀ. ಸಂದು, ಒಟ್ಟು 27. ಹಾಗಾಗಿ 300 ಮೀಟರ್ ರಿಬ್ಬನ್ನಿಗೆ ಸುಮಾರು 11 ಸಾವಿರ ಲೇಬಲ್. ಲೇಬಲ್ ಮೇಲೆ ಎರಡೇ ಅಕ್ಷರ ಇದ್ದರೂ ಲೆಕ್ಕ ಅದೇ.

ಡಾರ್ಕ್‌ನೆಸ್ ಹುಡುಕಿದ ಬಗೆ

ರಿಬ್ಬನ್ ಹಾಕಿದ ಮೇಲೆ ಸೆಟ್ಟಿಂಗ್ ಹೊಸದಾಗಿ ಹುಡುಕಬೇಕು. ಹಳೆಯ ಅಂಕಿ ಕೆಲಸಕ್ಕೆ ಬರುವುದಿಲ್ಲ. ನಾನು ಯಾವಾಗಲೂ ಸ್ಪೀಡ್ ಒಂದು ಕಡೆ ನಿಲ್ಲಿಸಿ ಡಾರ್ಕ್‌ನೆಸ್ ಮಾತ್ರ ಬದಲಿಸುತ್ತೇನೆ. ಎರಡನ್ನೂ ಒಟ್ಟಿಗೆ ತಿರುಗಿಸಿದರೆ ಯಾವುದರಿಂದ ಏನಾಯಿತು ಎಂದು ತಿಳಿಯುವುದಿಲ್ಲ. ಸ್ಪೀಡ್ 3 ಇಟ್ಟು 6, 8, 10, 12ರಲ್ಲಿ ಎರಡೆರಡು ಲೇಬಲ್ ತೆಗೆದು ಅಕ್ಕನ ಮನೆಯ ಭೂತಗನ್ನಡಿಯಲ್ಲಿ ನೋಡಿದೆವು.

6ರಲ್ಲಿ ದಪ್ಪ ಗೆರೆಗಳೊಳಗೆ ಸೂಜಿ ಚುಚ್ಚಿದಂತೆ ಬಿಳಿ ತೂತು. 8ರಲ್ಲಿ ಗೆರೆ ತುಂಬಿತ್ತು, ಆದರೆ ಉಗುರಿಗೆ ಸ್ವಲ್ಪ ಬಿಡುತ್ತಿತ್ತು. ಪ್ಲಾಸ್ಟಿಕ್ ಹಾಳೆಗೆ ಶಾಯಿ ಸರಿಯಾಗಿ ಹಿಡಿದಿರಲಿಲ್ಲ. 10ರಲ್ಲಿ ಅಂಚು ಕತ್ತರಿಸಿದಂತೆ ಚೊಕ್ಕ, ಉಗುರಿಗೂ ಜಗ್ಗಲಿಲ್ಲ. 12ರಲ್ಲಿ ಸಣ್ಣ ಸಂದುಗಳು ಕಟ್ಟಿಕೊಳ್ಳಲು ಶುರು, ರಿಬ್ಬನ್ನಿನಲ್ಲೂ ಸುಕ್ಕು ಬಂದು ಒಂದು ಲೇಬಲಿನ ಅಡ್ಡಕ್ಕೆ ಓರೆ ಬಿಳಿ ಗೆರೆ ಬಿತ್ತು. 10ಕ್ಕೆ ನಿಲ್ಲಿಸಿದೆವು. ಈ ಪ್ರಿಂಟರ್ TSPL ಎಂಬ ಪ್ರಿಂಟರ್ ಭಾಷೆಯ ಆಜ್ಞೆ ಓದುವಂಥದ್ದು, ಆದ್ದರಿಂದ ಫೈಲಿನ ತಲೆಯಲ್ಲಿ ಇಷ್ಟು ಬರೆದೆವು:

```
SIZE 50 mm,25 mm
GAP 2 mm,0
SPEED 3
DENSITY 10
SET RIBBON ON
```

ZPL ಎಂಬ ಇನ್ನೊಂದು ಭಾಷೆ ಓದುವ ಪ್ರಿಂಟರ್ ಆದರೆ ಇದೇ ಕೆಲಸಕ್ಕೆ `^PR`, `~SD` ಮತ್ತು `^MTT` ಇವೆ. ಅಲ್ಲಿ ಡಾರ್ಕ್‌ನೆಸ್ 0ಯಿಂದ 30ರವರೆಗೆ, ಆದ್ದರಿಂದ ನಮ್ಮ 10 ಎಂಬ ಅಂಕಿಯನ್ನು ಹಾಗೇ ಎತ್ತಿ ಅಲ್ಲಿ ಹಾಕಬೇಡಿ. ಇನ್ನೊಂದು ಕಡೆ ತುಂಬ ಜನ ಎಡವುತ್ತಾರೆ: ವಿಂಡೋಸ್ ಡ್ರೈವರ್ ಮೂಲಕ ಪ್ರಿಂಟ್ ಕೊಟ್ಟರೆ ಡ್ರೈವರ್ ತನ್ನದೇ ಡಾರ್ಕ್‌ನೆಸ್ ಕಳಿಸುತ್ತದೆ. ಪ್ರಿಂಟರಿನಲ್ಲಿ ಏನೇ ಇಟ್ಟಿದ್ದರೂ ಡ್ರೈವರಿನದ್ದೇ ನಡೆಯುತ್ತದೆ. ಅಲ್ಲೂ ಅದೇ ಅಂಕಿ ಹಾಕಿ, ರಿಬ್ಬನ್ ಇದೆ ಎಂದು ಆರಿಸಿ ಬಂದೆ.

ಇಷ್ಟಾದರೂ ಒಂದು ಹಳೆಯ ಸ್ಕ್ಯಾನರ್ ನಾಲ್ಕರಲ್ಲಿ ಒಂದನ್ನು ಬಿಡುತ್ತಿತ್ತು. ಕಾರಣ ಬಾರ್‌ಕೋಡಿನ ಅಳತೆ. ಜಾಗ ಉಳಿಸಲು ಅತಿ ಸಣ್ಣ ಗೆರೆಗೆ ಎರಡೇ ಚುಕ್ಕಿ ಕೊಟ್ಟಿದ್ದರು, ಅಂದರೆ 0.25 ಮಿ.ಮೀ. ಅಂಗಡಿ ಮಾಲಿಗೆ ಹಾಕುವ 13 ಅಂಕಿಯ ಇಎಎನ್-13 ಬಾರ್‌ಕೋಡಿಗೆ ಕನಿಷ್ಠ 0.264 ಮಿ.ಮೀ. ಬೇಕು. ಅಷ್ಟು ಸಣ್ಣ ಗೆರೆ ಇದ್ದಾಗ ಶಾಖ ಒಂಚೂರು ಹೆಚ್ಚಾದರೂ ಸಂದು ಮುಚ್ಚುತ್ತದೆ. ಹುಡುಗ 15ಕ್ಕೆ ಏರಿಸಿದಾಗ ಪೆಟ್ಟು ಬಿದ್ದಿದ್ದೂ ಇಲ್ಲೇ. ಮೂರು ಚುಕ್ಕಿ ಮಾಡಿದರೆ 0.375 ಆಗುತ್ತದೆ, ಎರಡೂ ಬದಿಯ ಖಾಲಿ ಜಾಗ ಸೇರಿ ಇಡೀ ಬಾರ್‌ಕೋಡ್ ಸುಮಾರು 42.4 ಮಿ.ಮೀ. 50ರ ಲೇಬಲಿನಲ್ಲಿ ಕೂರುತ್ತದೆ. ಅಕ್ಷರಗಳನ್ನು ಮೇಲಕ್ಕೆ ಸರಿಸಿ, ಗೆರೆಗಳ ಎತ್ತರ ಕಡಿಮೆ ಮಾಡಿ ಅಗಲ ಉಳಿಸಿಕೊಂಡೆವು. ಆ ಹಳೆಯ ಸ್ಕ್ಯಾನರೂ ಒಂದೇ ಸಲಕ್ಕೆ ಓದಿತು.

ಹೊರಡುವ ಮೊದಲು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ಹೆಡ್ ಒರೆಸಿದೆ, ತಣ್ಣಗಾದ ಮೇಲೆ. ಕಾಗದದ ಬೂದು ಧೂಳು ಬಂತು. ಪ್ರತಿ ಹೊಸ ರಿಬ್ಬನ್ನಿಗೆ ಒಮ್ಮೆ ಹೀಗೆ ಒರೆಸಲು ಹೇಳಿದ್ದೇನೆ. ಲೇಬಲ್ ಓಡುವ ದಿಕ್ಕಿನಲ್ಲೇ ನೆಟ್ಟಗೆ ಒಂದು ಬಿಳಿ ಗೆರೆ ಎಲ್ಲ ಲೇಬಲಿನಲ್ಲೂ ಒಂದೇ ಜಾಗದಲ್ಲಿ ಬಂದರೆ ಡಾರ್ಕ್‌ನೆಸ್ ಮುಟ್ಟಬಾರದು. ಮೊದಲು ಒರೆಸಬೇಕು. ಒರೆಸಿದ ಮೇಲೂ ಗೆರೆ ಹೋಗದಿದ್ದರೆ ಆಗ ಮಾತ್ರ ಹೆಡ್ಡಿನ ಚುಕ್ಕಿ ಸತ್ತಿದೆ ಎಂದು ತಿಳಿಯಬೇಕು.

ಮಳೆಗಾಲದ ನಂತರ

ಉಳಿದ ಡೈರೆಕ್ಟ್ ಥರ್ಮಲ್ ರೋಲ್ ಎಸೆಯಲಿಲ್ಲ. ಕೊರಿಯರ್ ಪೆಟ್ಟಿಗೆಯ ವಿಳಾಸಕ್ಕೆ ಅದೇ ಸರಿ. ವಿಳಾಸ ಬದುಕಬೇಕಾದ್ದು ಹತ್ತು ದಿನ, ರಿಬ್ಬನ್ ಖರ್ಚು ಯಾಕೆ ಅಲ್ವಾ? ಆ ರೋಲನ್ನು ಒಲೆಯ ಹತ್ತಿರದ ಕಪಾಟಿನಿಂದ ತೆಗೆಸಿ ತಂಪಾದ, ಬೆಳಕು ಬೀಳದ ಕಡೆ ಇಡಿಸಿದೆ. ಎರಡು ಬಗೆಯ ರೋಲ್ ಅದಲುಬದಲಾಗದಂತೆ ಹುಡುಗ ಪಿಪಿ ರೋಲಿನ ಒಳಗಿನ ಕೊಳವೆಗೆ ಕೆಂಪು ಗುರುತು ಹಾಕಿದ್ದಾನೆ. ರೋಲ್ ಬದಲಿಸಿದಾಗ ರಿಬ್ಬನ್ ತೆಗೆದು `SET RIBBON OFF` ಕೊಡಬೇಕು, ಡಾರ್ಕ್‌ನೆಸ್ 8ಕ್ಕೆ ಇಳಿಸಬೇಕು. ಇದನ್ನು ಗೋಡೆಗೆ ಬರೆದು ಅಂಟಿಸಿದ್ದಾರೆ.

ಜುಲೈನಲ್ಲಿ ಒಂದು ದೂರು ಬಂತು. ಅಕ್ಷರ ಚೆನ್ನಾಗಿದೆ, ಲೇಬಲ್ಲೇ ಮೂಲೆಯಲ್ಲಿ ಏಳುತ್ತಿದೆ. ಸಾಗರದ ಮಳೆಯಲ್ಲಿ ಗಾಜಿನ ಮೇಲೆ ತೇವ ಕೂತಿರುತ್ತದೆ, ಅದರ ಜೊತೆಗೆ ತುಂಬುವಾಗ ಸೋಂಕಿದ ಎಣ್ಣೆ ಬೇರೆ. ಅಂಟು ಹಿಡಿಯುವುದು ಹೇಗೆ? ಬಾಟಲಿ ತುಂಬಿ, ತಣಿಸಿ, ಒಣ ಬಟ್ಟೆಯಲ್ಲಿ ಒರೆಸಿ ಆಮೇಲೆ ಲೇಬಲ್ ಹಚ್ಚುವಂತೆ ಕ್ರಮ ಬದಲಿಸಿದರು. ಏಳುವುದು ನಿಂತಿತು.

ಅಕ್ಟೋಬರ್‌ನಲ್ಲಿ ಜೋಗದ ಕಡೆ ಹೋಗಿದ್ದಾಗ ಮತ್ತೆ ಅವರ ಮನೆಗೆ ಹೋದೆ. ಅಕ್ಕ ಪ್ರತಿ ಬ್ಯಾಚಿನ ಒಂದು ಬಾಟಲಿಯನ್ನು ಅಡುಗೆಮನೆಯ ಕಿಟಕಿಯಲ್ಲಿ ಇಟ್ಟು, ಅದರ ಮುಚ್ಚಳದ ಮೇಲೆ ಡಾರ್ಕ್‌ನೆಸ್ ಅಂಕಿ ಬರೆದಿದ್ದರು. ಏಪ್ರಿಲ್ ಕೊನೆಯ ಬಾಟಲಿಯ ಮೇಲೆ ಎಣ್ಣೆ ಇಳಿದು ಒಣಗಿದ ಗುರುತು ಇತ್ತು. ಒದ್ದೆ ಬಟ್ಟೆಯಲ್ಲಿ ಒರೆಸಿ ಫೋನಿನಲ್ಲಿ ಸ್ಕ್ಯಾನ್ ಮಾಡಿದೆ. ತಕ್ಷಣ 890ರಿಂದ ಶುರುವಾಗುವ ನಂಬರ್ ಪರದೆಯ ಮೇಲೆ ಬಂತು.